‘ವರ್ಷಕ್ಕೆ ಬರೀ 1% ಖರ್ಚು’ ಎನ್ನುವ ಮ್ಯೂಚುವಲ್ ಫಂಡ್ ಫಾರ್ವರ್ಡ್: 25 ವರ್ಷದಲ್ಲಿ ಅದು ಎಷ್ಟಾಗುತ್ತದೆ?

“ಮ್ಯೂಚುವಲ್ ಫಂಡ್‌ಗೆ ನಿಮ್ಮ ಜೇಬಿನಿಂದ ಒಂದು ಪೈಸೆಯೂ ಫೀಸ್ ಇಲ್ಲ. ಕಂಪನಿಯವರು ವರ್ಷಕ್ಕೆ ಬರೀ ಒಂದೆರಡು ಪರ್ಸೆಂಟ್ ಖರ್ಚು ಹಿಡಿಯುತ್ತಾರೆ ಅಷ್ಟೇ. ಅದೂ ಫಂಡ್‌ನವರೇ ನೋಡಿಕೊಳ್ಳುತ್ತಾರೆ. ಚಿಲ್ಲರೆ ಲೆಕ್ಕ ಹಾಕುತ್ತಾ ಕೂರಬೇಡಿ, ಇಂದೇ ಎಸ್‌ಐಪಿ ಶುರು ಮಾಡಿ!”

ಈ ಧಾಟಿಯ ಮೆಸೇಜ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಮಗೆ ಇದನ್ನು ಕಳಿಸಿದ್ದು ನಮ್ಮ ತಂಡದಲ್ಲೊಬ್ಬರ ಚಿಕ್ಕಮ್ಮ. ವಯಸ್ಸು 35, ಹೈಸ್ಕೂಲ್ ಟೀಚರ್. ಮೂರು ವರ್ಷದ ಹಿಂದೆ ತಮ್ಮ ಊರಿನ ಬ್ಯಾಂಕ್ ಶಾಖೆಯಲ್ಲಿ ಕೇಳಿಕೊಂಡು ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ ಹಾಕಿದ್ದರು. ಫಂಡ್‌ನ ಹೆಸರು, ಬ್ಯಾಲೆನ್ಸ್ ಎರಡೂ ಅವರಿಗೆ ಗೊತ್ತಿತ್ತು. ಖರ್ಚು ಎಷ್ಟು ಎಂದು ಕೇಳಿದಾಗ ಮಾತ್ರ, “ಅದೆಲ್ಲ ಒಂದು ಪರ್ಸೆಂಟೋ ಎರಡೋ ಇರಬೇಕು ಕಣೇ. ಲಕ್ಷಕ್ಕೆ ಸಾವಿರ ತಾನೇ? ಹೋದರೆ ಹೋಗಲಿ” ಎಂದರು.

ಲಕ್ಷಕ್ಕೆ ಸಾವಿರ ಎನ್ನುವುದು ತಪ್ಪು ಲೆಕ್ಕವಲ್ಲ. ಆದರೆ ಅದು ಮೊದಲನೆಯ ವರ್ಷದ ಲೆಕ್ಕ ಮಾತ್ರ. ಚಿಕ್ಕಮ್ಮ ಹಣ ಹಾಕುತ್ತಿರುವುದು ನಿವೃತ್ತಿಗೆ, ಅಂದರೆ ಇನ್ನೂ 25 ವರ್ಷಕ್ಕೆ. ಅಷ್ಟು ವರ್ಷಕ್ಕೆ ಲೆಕ್ಕ ಹಾಕಿದಾಗ ಬಂದ ಮೊತ್ತ ನೋಡಿ ಅವರೂ ಬೆಚ್ಚಿದರು, ನಾವೂ ಎರಡು ಸಲ ಲೆಕ್ಕ ಹಾಕಿದೆವು. ಬನ್ನಿ, ಒಂದೊಂದಾಗಿ ನೋಡೋಣ.

ಎಕ್ಸ್‌ಪೆನ್ಸ್ ರೇಶಿಯೋ ಎಂದರೇನು?

ಮ್ಯೂಚುವಲ್ ಫಂಡ್ ನಡೆಸಲು ಖರ್ಚಿದೆ. ಯಾವ ಷೇರು ಕೊಳ್ಳಬೇಕು ಎಂದು ನಿರ್ಧರಿಸುವ ಫಂಡ್ ಮ್ಯಾನೇಜರ್, ನಮ್ಮ ಖಾತೆಯ ಲೆಕ್ಕ ಇಡುವ ಸಂಸ್ಥೆ, ಆಡಿಟ್, ಜಾಹೀರಾತು, ಫಂಡ್ ಮಾರಿಕೊಟ್ಟವರ ಕಮಿಷನ್, ಜಿಎಸ್‌ಟಿ ಹೀಗೆ. ಈ ಎಲ್ಲವನ್ನೂ ಹೂಡಿಕೆದಾರರ ಹಣದಿಂದಲೇ ತೆಗೆಯಲಾಗುತ್ತದೆ. ಫಂಡ್‌ನಲ್ಲಿರುವ ಒಟ್ಟು ಹಣದಲ್ಲಿ ವರ್ಷಕ್ಕೆ ಶೇಕಡಾ ಎಷ್ಟು ಹೀಗೆ ಖರ್ಚಿಗೆ ಹೋಗುತ್ತದೆ ಎನ್ನುವುದೇ ಎಕ್ಸ್‌ಪೆನ್ಸ್ ರೇಶಿಯೋ. ಇದಕ್ಕೆ ಗರಿಷ್ಠ ಮಿತಿಯನ್ನು ಸೆಬಿ ನಿಗದಿ ಮಾಡುತ್ತದೆ. ಮಿತಿಯ ಒಳಗೆ ಎಷ್ಟು ಹಿಡಿಯಬೇಕೆಂದು ಫಂಡ್ ಕಂಪನಿ ತೀರ್ಮಾನಿಸುತ್ತದೆ.

ಹಾಗಾದರೆ ಇದು ನಮ್ಮ ಕಣ್ಣಿಗೆ ಯಾಕೆ ಬೀಳುವುದಿಲ್ಲ? ಯಾಕೆಂದರೆ ಇದಕ್ಕೆ ಬಿಲ್ ಇಲ್ಲ. ಬ್ಯಾಂಕ್ ಖಾತೆಯಿಂದ ಕಟ್ ಆದ ಮೆಸೇಜ್ ಬರುವುದಿಲ್ಲ. ವರ್ಷದ ಖರ್ಚನ್ನು 365 ದಿನಕ್ಕೆ ಹಂಚಿ, ಪ್ರತಿದಿನ ಒಂದು ಸಣ್ಣ ಭಾಗವನ್ನು ಕಳೆದ ಮೇಲೆಯೇ ಆ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಪ್ರಕಟವಾಗುತ್ತದೆ. ನಿಮ್ಮ ಒಂದು ಲಕ್ಷ ರೂಪಾಯಿ 2% ಖರ್ಚಿನ ಫಂಡ್‌ನಲ್ಲಿದ್ದರೆ ದಿನಕ್ಕೆ ಸುಮಾರು 5 ರೂಪಾಯಿ 48 ಪೈಸೆ ಹೋಗುತ್ತದೆ. ಮಾರುಕಟ್ಟೆ ಏರಿಳಿತದಲ್ಲಿ ಅದೇ ಲಕ್ಷ ಒಂದೇ ದಿನದಲ್ಲಿ ಸಾವಿರ ರೂಪಾಯಿ ಮೇಲೆ ಕೆಳಗೆ ಆಗುವಾಗ ಈ ಐದೂವರೆ ರೂಪಾಯಿ ಯಾರಿಗೆ ಕಾಣಬೇಕು?

ಇಲ್ಲಿ ಎರಡು ವಿಷಯ ನೆನಪಿಡಿ. ಆ್ಯಪ್‌ನಲ್ಲಿ ಕಾಣುವ ರಿಟರ್ನ್ಸ್ ಈ ಖರ್ಚನ್ನು ಕಳೆದ ನಂತರದ್ದು. ಹಾಗಾಗಿ ಅದರಲ್ಲಿ ಮತ್ತೊಮ್ಮೆ ಖರ್ಚು ಕಳೆಯಬೇಕಿಲ್ಲ. ಇನ್ನೊಂದು, ಈ ಖರ್ಚು ಲಾಭದ ಮೇಲೆ ಹಾಕುವುದಲ್ಲ. ಫಂಡ್ ನಷ್ಟದಲ್ಲಿದ್ದ ವರ್ಷವೂ ಇದು ಕಟ್ ಆಗುತ್ತದೆ. ಷೇರುಗಳು 10% ಇಳಿದರೆ, 2% ಖರ್ಚಿನ ಫಂಡ್ ಸುಮಾರು 12% ಇಳಿದಿರುತ್ತದೆ.

ಅಂದರೆ ‘ಜೇಬಿನಿಂದ ಒಂದು ಪೈಸೆಯೂ ಇಲ್ಲ’ ಎನ್ನುವ ಮಾತಿನ ಅರ್ಥ ಇಷ್ಟೇ: ಹಣ ಜೇಬಿನಿಂದ ಹೋಗುವುದಿಲ್ಲ, ಫಂಡ್‌ನಲ್ಲಿಟ್ಟ ನಿಮ್ಮ ಹಣದಿಂದಲೇ ಹೋಗುತ್ತದೆ.

ಒಂದು ಪರ್ಸೆಂಟ್ ಸರಿ, ಯಾವುದರ ಮೇಲೆ?

ನಮಗೆ ಕಮಿಷನ್ ಎಂದರೆ ಹೊಸದೇನಲ್ಲ. ಚೀಟಿ ನಡೆಸುವವರು ಚೀಟಿ ಮೊತ್ತದ ಮೇಲೆ ಕಮಿಷನ್ ಹಿಡಿಯುತ್ತಾರೆ. ನೋಂದಾಯಿತ ಚೀಟಿಯಲ್ಲಿ ಇದು 7% ಮೀರಬಾರದು ಎಂದು 2019ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಸೈಟ್ ಕೊಡಿಸಿದ ಬ್ರೋಕರ್ ಕೂಡ ಒಂದೋ ಎರಡೋ ಪರ್ಸೆಂಟ್ ತೆಗೆದುಕೊಳ್ಳುತ್ತಾನೆ. ಇವುಗಳ ಪಕ್ಕದಲ್ಲಿ ಫಂಡ್‌ನ 1% ಏನೂ ಅಲ್ಲ ಎನಿಸುತ್ತದೆ.

ಆದರೆ ಒಂದು ಸೈಟ್ ಬ್ರೋಕರ್‌ನನ್ನು ಕಲ್ಪಿಸಿಕೊಳ್ಳಿ. ಸೈಟ್ ಕೊಂಡ ದಿನ 1% ತೆಗೆದುಕೊಂಡ. ಮುಂದಿನ ವರ್ಷ ಮತ್ತೆ ಬಂದು, ಸೈಟ್‌ನ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ 1% ಕೇಳಿದ. ಅದರ ಮುಂದಿನ ವರ್ಷವೂ ಬಂದ. ಹೀಗೆ ಸೈಟ್ ನಿಮ್ಮ ಹೆಸರಲ್ಲಿ ಇರುವವರೆಗೂ ಪ್ರತಿವರ್ಷ ಬರುತ್ತಾನೆ. ಬೆಲೆ ಏರಿದಷ್ಟೂ ಅವನ ಪಾಲೂ ಏರುತ್ತದೆ. ನೀವು ಒಪ್ಪುತ್ತಿದ್ದಿರಾ?

ಎಕ್ಸ್‌ಪೆನ್ಸ್ ರೇಶಿಯೋ ಕೆಲಸ ಮಾಡುವುದು ಹೀಗೆಯೇ. ನೀವು ಈ ವರ್ಷ ಹಾಕಿದ ಹಣದ ಮೇಲೆ ಮಾತ್ರವಲ್ಲ, ಇಲ್ಲಿಯವರೆಗೆ ಹಾಕಿದ ಎಲ್ಲ ಹಣ ಮತ್ತು ಅದು ಬೆಳೆದು ಬಂದ ಲಾಭ, ಎಲ್ಲದರ ಮೇಲೂ, ಪ್ರತಿವರ್ಷ.

ಒಂದು ಲಕ್ಷದ ಲೆಕ್ಕ

ಸುಲಭವಾಗಲಿ ಎಂದು ಮೊದಲು ಒಮ್ಮೆಗೇ ಹಾಕಿದ ಒಂದು ಲಕ್ಷ ರೂಪಾಯಿ ತೆಗೆದುಕೊಳ್ಳೋಣ. ಫಂಡ್ ಕೊಂಡಿರುವ ಷೇರುಗಳು ಖರ್ಚಿಗೆ ಮೊದಲು ವರ್ಷಕ್ಕೆ 12% ಬೆಳೆಯುತ್ತವೆ ಎಂದು ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಭರವಸೆಯಲ್ಲ. ನಿಜದಲ್ಲಿ ಒಂದು ವರ್ಷ 25% ಏರಬಹುದು, ಇನ್ನೊಂದು ವರ್ಷ 15% ಇಳಿಯಬಹುದು.

ಖರ್ಚು 2% ಎಂದಾದರೆ ನಮ್ಮ ಕೈಗೆ ಉಳಿಯುವುದು ಸುಮಾರು 10%. ವರ್ಷದ ಆರಂಭದಲ್ಲಿ ಇದ್ದ ಹಣದ ಮೇಲೆ ಖರ್ಚು ಹಿಡಿದು ನೋಡೋಣ. ಮೊದಲ ವರ್ಷ 12,000 ರೂಪಾಯಿ ಬೆಳೆಯಿತು, 2,000 ಖರ್ಚಿಗೆ ಹೋಯಿತು, 1,10,000 ಉಳಿಯಿತು. ಎರಡನೆಯ ವರ್ಷ ಖರ್ಚು 2,200 ರೂಪಾಯಿ. ಹತ್ತನೆಯ ವರ್ಷಕ್ಕೆ ಅದು ಸುಮಾರು 4,700 ಆಗುತ್ತದೆ. ಇಪ್ಪತ್ತೈದನೆಯ ವರ್ಷ ಒಂದರಲ್ಲೇ ಖರ್ಚು ಸುಮಾರು 19,700 ರೂಪಾಯಿ. ಶೇಕಡಾ ಲೆಕ್ಕ ಬದಲಾಗಲೇ ಇಲ್ಲ, ಅದೇ 2%. ರೂಪಾಯಿ ಮಾತ್ರ ಹತ್ತರಷ್ಟಾಯಿತು.

ಈಗ 25 ವರ್ಷದ ಕೊನೆಯಲ್ಲಿ ಕೈಗೆ ಸಿಗುವ ಮೊತ್ತವನ್ನು ನೋಡಿ.

- ಖರ್ಚೇ ಇಲ್ಲದಿದ್ದರೆ: ಸುಮಾರು 17 ಲಕ್ಷ ರೂಪಾಯಿ
- ಖರ್ಚು 1% ಇದ್ದರೆ: ಸುಮಾರು 13.59 ಲಕ್ಷ
- ಖರ್ಚು 2% ಇದ್ದರೆ: ಸುಮಾರು 10.83 ಲಕ್ಷ

1% ಮತ್ತು 2%ರ ನಡುವಿನ ವ್ಯತ್ಯಾಸವೇ ಸುಮಾರು 2.75 ಲಕ್ಷ. ಹಾಕಿದ್ದು ಒಂದು ಲಕ್ಷ, ‘ಬರೀ ಒಂದು ಪರ್ಸೆಂಟ್’ ಹೆಚ್ಚಿಗೆ ಕೊಟ್ಟಿದ್ದಕ್ಕೆ ಕೈತಪ್ಪಿದ್ದು ಅದರ ಎರಡೂಮುಕ್ಕಾಲು ಪಟ್ಟು. ‘ಲಕ್ಷಕ್ಕೆ ಸಾವಿರ’ ಎಂದು 25ರಿಂದ ಗುಣಿಸಿದ್ದರೆ ನಮಗೆ ಸಿಗುತ್ತಿದ್ದ ಉತ್ತರ ಕೇವಲ 25,000.

ಉಳಿದ ಹಣ ಎಲ್ಲಿ ಹೋಯಿತು?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. 2% ಫಂಡ್‌ನಲ್ಲಿ ನಮಗೆ 17 ಲಕ್ಷದ ಬದಲು 10.83 ಲಕ್ಷ ಸಿಕ್ಕಿದೆ. ಹಾಗಿದ್ದರೆ ಫಂಡ್ ಕಂಪನಿ 6.17 ಲಕ್ಷ ತೆಗೆದುಕೊಂಡಿತೇ?

ಇಲ್ಲ. 25 ವರ್ಷವೂ ಕಟ್ ಆದ ಖರ್ಚನ್ನೆಲ್ಲ ಕೂಡಿದರೆ ಸುಮಾರು 1.97 ಲಕ್ಷ ಆಗುತ್ತದೆ. ಉಳಿದ 4.20 ಲಕ್ಷ ಯಾರ ಜೇಬಿಗೂ ಹೋಗಿಲ್ಲ. ಅದು ಹುಟ್ಟಲೇ ಇಲ್ಲ.

ಮೊದಲ ವರ್ಷ ಕಟ್ ಆದ 2,000 ರೂಪಾಯಿಯನ್ನೇ ನೋಡಿ. ಅದು ಫಂಡ್‌ನಲ್ಲೇ ಉಳಿದಿದ್ದರೆ ಮುಂದಿನ 24 ವರ್ಷ 12% ಲೆಕ್ಕದಲ್ಲಿ ಬೆಳೆದು ಸುಮಾರು 30,000 ಆಗುತ್ತಿತ್ತು. ಎರಡನೆಯ ವರ್ಷದ 2,200 ಕೂಡ ಹಾಗೆಯೇ. ತೆಂಗಿನ ಸಸಿಯನ್ನು ಕಿತ್ತುಕೊಟ್ಟರೆ ಹೋಗುವುದು ಸಸಿಯ ಬೆಲೆ ಮಾತ್ರವಲ್ಲ, ಅದು ಮುಂದೆ ಬಿಡಬೇಕಿದ್ದ ಕಾಯಿಗಳೂ ಹೋದ ಹಾಗೆ. ಚಕ್ರಬಡ್ಡಿ ನಮ್ಮ ಹಣಕ್ಕೆ ಹೇಗೆ ಕೆಲಸ ಮಾಡುತ್ತದೋ, ಕಟ್ ಆದ ಖರ್ಚಿಗೂ ಹಾಗೇ ಕೆಲಸ ಮಾಡುತ್ತದೆ, ತಿರುಗಿ ನಮ್ಮ ವಿರುದ್ಧ.

ಆದ್ದರಿಂದಲೇ ಇದರಲ್ಲಿ ಕಾಲ ಮುಖ್ಯ. ಅದೇ ಒಂದು ಲಕ್ಷ, ಅದೇ 1% ವ್ಯತ್ಯಾಸ. 5 ವರ್ಷಕ್ಕೆ ಅಂತರ ಸುಮಾರು 7,500 ರೂಪಾಯಿ. 10 ವರ್ಷಕ್ಕೆ ಸುಮಾರು 24,600. 25 ವರ್ಷಕ್ಕೆ 2.75 ಲಕ್ಷ. ಮೂರ್ನಾಲ್ಕು ವರ್ಷ ಹೂಡಿಕೆ ಮಾಡಿದವರು “ನನಗೇನೂ ವ್ಯತ್ಯಾಸ ಕಾಣಲಿಲ್ಲ” ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಅದು ಇನ್ನೂ ಕಾಣುವಷ್ಟು ದೊಡ್ಡದಾಗಿಲ್ಲ.

ಚಿಕ್ಕಮ್ಮನ ಎಸ್‌ಐಪಿ

ಈಗ ಚಿಕ್ಕಮ್ಮನ ಲೆಕ್ಕಕ್ಕೆ ಬರೋಣ. ತಿಂಗಳಿಗೆ 5,000 ರೂಪಾಯಿಯಂತೆ ಮುಂದಿನ 25 ವರ್ಷ ಹಾಕಿದರೆ ಒಟ್ಟು ಹಾಕುವುದು 15 ಲಕ್ಷ. ಖರ್ಚಿಗೆ ಮೊದಲು ಅದೇ 12% ಬೆಳವಣಿಗೆ ಹಿಡಿದರೆ, ಖರ್ಚು 1% ಇದ್ದಾಗ ಅವರಿಗೆ 60ನೇ ವಯಸ್ಸಿಗೆ ಸಿಗುವುದು ಸುಮಾರು 72 ಲಕ್ಷ. ಖರ್ಚು 2% ಇದ್ದರೆ ಸುಮಾರು 61.7 ಲಕ್ಷ.

ವ್ಯತ್ಯಾಸ 10 ಲಕ್ಷಕ್ಕೂ ಹೆಚ್ಚು. ಬೇರೆ ಥರ ಹೇಳಬೇಕೆಂದರೆ, 25 ವರ್ಷದಲ್ಲಿ ಸಂಬಳದಿಂದ ಉಳಿಸಿ ಹಾಕಿದ 15 ಲಕ್ಷದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚಿನ ಮೊತ್ತ. ಫೋನಿನಲ್ಲಿ ಈ ಅಂಕಿ ಕೇಳಿ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನದು ಒಂದೋ ಎರಡೋ ಅಂತ ಹೇಗೆ ನೋಡೋದು?” ಎಂದು ಕೇಳಿದರು.

ಅದಕ್ಕೆ ಉತ್ತರ ಅವರ ಫಂಡ್‌ನ ಹೆಸರಿನಲ್ಲೇ ಇತ್ತು.

ಒಂದೇ ಫಂಡ್, ಎರಡು ಬೆಲೆ

2013ರ ಜನವರಿ 1ರಿಂದ ಸೆಬಿ ನಿಯಮದ ಪ್ರಕಾರ ಫಂಡ್‌ಗಳಲ್ಲಿ ಎರಡು ಬಗೆಯ ಪ್ಲ್ಯಾನ್ ಇರುತ್ತವೆ: ರೆಗ್ಯುಲರ್ ಮತ್ತು ಡೈರೆಕ್ಟ್. ಬ್ಯಾಂಕ್, ಏಜೆಂಟ್ ಅಥವಾ ವಿತರಕರ ಮೂಲಕ ಕೊಂಡರೆ ರೆಗ್ಯುಲರ್. ನೀವೇ ನೇರವಾಗಿ ಕೊಂಡರೆ ಡೈರೆಕ್ಟ್. ಎರಡರಲ್ಲೂ ಇರುವ ಷೇರುಗಳು ಅವೇ, ಫಂಡ್ ಮ್ಯಾನೇಜರ್ ಅವರೇ. ರೆಗ್ಯುಲರ್‌ನಲ್ಲಿ ವಿತರಕರ ಕಮಿಷನ್ ಸೇರಿರುತ್ತದೆ, ಡೈರೆಕ್ಟ್‌ನಲ್ಲಿ ಇರುವುದಿಲ್ಲ. ಷೇರು ಫಂಡ್‌ಗಳಲ್ಲಿ ಈ ಎರಡರ ಖರ್ಚಿನ ಅಂತರ ಅರ್ಧದಿಂದ ಒಂದು ಪರ್ಸೆಂಟ್ ಆಸುಪಾಸು ಇರುವುದು ಸಾಮಾನ್ಯ.

ಈ ಕಮಿಷನ್ ಒಮ್ಮೆ ಕೊಟ್ಟು ಮುಗಿಯುವಂಥದ್ದಲ್ಲ. ಹಿಂದೆ ಹಣ ಹಾಕುವಾಗಲೇ ಒಂದಿಷ್ಟು ಕಡಿತವಾಗುವ ‘ಎಂಟ್ರಿ ಲೋಡ್’ ಇತ್ತು. ಅದನ್ನು ಸೆಬಿ 2009ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಈಗಿನದು ‘ಟ್ರೇಲ್’ ಕಮಿಷನ್. ನಿಮ್ಮ ಹಣ ಆ ಫಂಡ್‌ನಲ್ಲಿ ಇರುವವರೆಗೂ, ನೀವು ವಿತರಕರ ಜೊತೆ ಮಾತಾಡಿ ಹತ್ತು ವರ್ಷವಾಗಿದ್ದರೂ, ಅದು ಹೋಗುತ್ತಲೇ ಇರುತ್ತದೆ. ನಾವು ಹೇಳಿದ ಸೈಟ್ ಬ್ರೋಕರ್ ನೆನಪಿದ್ದಾನಲ್ಲ?

ಇದಕ್ಕೆ ಸಂಬಂಧಿಸಿದ ಇನ್ನೊಂದು ತಪ್ಪು ನಂಬಿಕೆಯೂ ಇದೆ: “ಡೈರೆಕ್ಟ್ ಪ್ಲ್ಯಾನ್‌ನ ಎನ್‌ಎವಿ ಜಾಸ್ತಿ, ಅದು ದುಬಾರಿ. ರೆಗ್ಯುಲರ್‌ನಲ್ಲಿ ಅದೇ ಹಣಕ್ಕೆ ಹೆಚ್ಚು ಯೂನಿಟ್ ಸಿಗುತ್ತದೆ.” ಎನ್‌ಎವಿ ಜಾಸ್ತಿ ಇರುವುದು ನಿಜ. ಆದರೆ ಯಾಕೆ? 2013ರಲ್ಲಿ ಡೈರೆಕ್ಟ್ ಶುರುವಾದಾಗ ಒಂದೇ ಫಂಡ್‌ನ ಎರಡೂ ಎನ್‌ಎವಿ ಹೆಚ್ಚುಕಡಿಮೆ ಒಂದೇ ಇತ್ತು. ಅಲ್ಲಿಂದ ಪ್ರತಿದಿನ ಡೈರೆಕ್ಟ್‌ನಲ್ಲಿ ಕಡಿಮೆ ಕಟ್ ಆಗುತ್ತಾ ಬಂದದ್ದರಿಂದ ಅದು ಮುಂದೆ ಹೋಯಿತು. ಇಂದು ಕಾಣುವ ಅಂತರವೇ ಇಷ್ಟು ವರ್ಷಗಳ ಖರ್ಚಿನ ವ್ಯತ್ಯಾಸದ ದಾಖಲೆ. ಹಳೆಯ ಫಂಡ್ ಒಂದನ್ನು ಆರಿಸಿ ಎರಡೂ ಪ್ಲ್ಯಾನ್‌ನ ಎನ್‌ಎವಿಯನ್ನು ಅಕ್ಕಪಕ್ಕ ಇಟ್ಟು ನೋಡಿ, ನಮ್ಮ ಲೆಕ್ಕವನ್ನು ನಂಬಬೇಕಾದ ಅಗತ್ಯವೇ ಇರುವುದಿಲ್ಲ. ಆದರೆ ಎರಡರಲ್ಲೂ ‘ಗ್ರೋತ್’ ಎಂದಿರುವುದನ್ನೇ ಹೋಲಿಸಿ.

ನಿಮ್ಮದು ಯಾವುದು ಎಂದು ತಿಳಿಯುವುದು ಹೇಗೆ?

ಮೊದಲು ಸ್ಟೇಟ್‌ಮೆಂಟ್ ಅಥವಾ ಆ್ಯಪ್‌ನಲ್ಲಿ ಫಂಡ್‌ನ ಪೂರ್ತಿ ಹೆಸರು ನೋಡಿ. ಅದರಲ್ಲಿ `Direct` ಅಥವಾ `Dir` ಎಂದಿದ್ದರೆ ಡೈರೆಕ್ಟ್. `Regular` ಅಥವಾ `Reg` ಎಂದಿದ್ದರೆ, ಅಥವಾ ಎರಡೂ ಇಲ್ಲದಿದ್ದರೆ, ಸಾಮಾನ್ಯವಾಗಿ ರೆಗ್ಯುಲರ್. ಸ್ಟೇಟ್‌ಮೆಂಟ್‌ನಲ್ಲಿ ವಿತರಕರ ಜಾಗದಲ್ಲಿ `ARN-` ಎಂದು ಶುರುವಾಗುವ ಸಂಖ್ಯೆ ಇದ್ದರೆ ಕಮಿಷನ್ ಆ ಸಂಖ್ಯೆಯವರಿಗೆ ಹೋಗುತ್ತಿದೆ ಎಂದರ್ಥ. ಆ್ಯಪ್ ‘ಉಚಿತ’ ಎಂದ ಮಾತ್ರಕ್ಕೆ ಅದು ಕೊಡುವುದು ಡೈರೆಕ್ಟ್ ಎಂದುಕೊಳ್ಳಬೇಡಿ. ರೆಗ್ಯುಲರ್ ಪ್ಲ್ಯಾನ್ ಮಾರುವ ಆ್ಯಪ್‌ಗಳೂ ಇವೆ.

ಎರಡನೆಯದಾಗಿ ಖರ್ಚು ಎಷ್ಟೆಂದು ನೋಡಿ. ಪ್ರತಿ ಫಂಡ್ ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ `Total Expense Ratio` ಅಥವಾ `TER` ಎಂಬ ಹೆಸರಲ್ಲಿ ಇದನ್ನು ಪ್ರಕಟಿಸಬೇಕು. ಇದು ಬದಲಾಗುತ್ತಿರುತ್ತದೆ, ಹಾಗಾಗಿ ಮೂರು ವರ್ಷದ ಹಿಂದೆ ನೋಡಿದ ಅಂಕಿ ಇಂದಿಗೂ ಅದೇ ಇರಬೇಕೆಂದಿಲ್ಲ.

ಮೂರನೆಯದು ಹೆಚ್ಚಿನವರು ತೆರೆದೇ ನೋಡದ ಕಾಗದ: ಎಲ್ಲ ಫಂಡ್‌ಗಳನ್ನೂ ಒಂದೇ ಕಡೆ ತೋರಿಸುವ ಸಿಎಎಸ್ ಸ್ಟೇಟ್‌ಮೆಂಟ್. ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯದ ಅರ್ಧವಾರ್ಷಿಕ ಸಿಎಎಸ್‌ನಲ್ಲಿ, ನಿಮ್ಮ ಹೂಡಿಕೆಗಾಗಿ ವಿತರಕರಿಗೆ ಆ ಆರು ತಿಂಗಳಲ್ಲಿ ಎಷ್ಟು ಕಮಿಷನ್ ಕೊಡಲಾಗಿದೆ ಎಂದು ರೂಪಾಯಿಯಲ್ಲೇ ಬರೆದಿರುತ್ತದೆ. ನೀವು ಹಣ ಹಾಕಿರುವ ಪ್ಲ್ಯಾನ್‌ನ ಸರಾಸರಿ ಖರ್ಚೂ ಅಲ್ಲಿರುತ್ತದೆ. ಇದು 2016ರಿಂದ ಇರುವ ನಿಯಮ. ಚಿಕ್ಕಮ್ಮನ ಇಮೇಲ್‌ನಲ್ಲಿ ಈ ಸ್ಟೇಟ್‌ಮೆಂಟ್‌ಗಳು ತೆರೆಯದೇ ಬಿದ್ದಿದ್ದವು. ಕೊನೆಯದನ್ನು ತೆರೆದಾಗ ಆರು ತಿಂಗಳ ಕಮಿಷನ್ ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ ಇತ್ತು. ಫಂಡ್ ರೆಗ್ಯುಲರ್ ಆಗಿತ್ತು. ಹಾಗೆ ಕಮಿಷನ್ ಹೋಗುತ್ತದೆ ಎಂದು ಶಾಖೆಯಲ್ಲಿ ಯಾರೂ ತಮಗೆ ಹೇಳಿರಲಿಲ್ಲ ಎಂದರು.

ತಕ್ಷಣ ಬದಲಿಸಬೇಕೇ? ನಿಲ್ಲಿ

ಇದನ್ನು ಓದಿ ಇವತ್ತೇ ಎಲ್ಲವನ್ನೂ ಡೈರೆಕ್ಟ್‌ಗೆ ವರ್ಗಾಯಿಸಲು ಹೊರಡಬೇಡಿ. ಅದೇ ಫಂಡ್‌ನ ಒಳಗೆ ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋದರೂ ಕಾನೂನಿನ ಕಣ್ಣಿನಲ್ಲಿ ಅದು ಹಳೆಯದನ್ನು ಮಾರಿ ಹೊಸದನ್ನು ಕೊಂಡ ಹಾಗೆ. ಆಗ ಎಕ್ಸಿಟ್ ಲೋಡ್ ಮತ್ತು ತೆರಿಗೆ ಬರಬಹುದು.

ಅನೇಕ ಷೇರು ಫಂಡ್‌ಗಳಲ್ಲಿ ಒಂದು ವರ್ಷದೊಳಗೆ ಮಾರಿದರೆ 1% ಎಕ್ಸಿಟ್ ಲೋಡ್ ಇರುತ್ತದೆ. ತೆರಿಗೆಯ ವಿಷಯದಲ್ಲಿ, 2024ರ ಜುಲೈ 23ರಿಂದ ಜಾರಿಯಾದ ದರದ ಪ್ರಕಾರ, ಒಂದು ವರ್ಷದೊಳಗಿನ ಯೂನಿಟ್‌ಗಳ ಲಾಭಕ್ಕೆ 20%. ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭದಲ್ಲಿ ಆರ್ಥಿಕ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ 12.5%. ಎಸ್‌ಐಪಿಯಲ್ಲಿ ಪ್ರತಿ ತಿಂಗಳ ಕಂತಿಗೂ ಅದರದೇ ದಿನಾಂಕದಿಂದ ಒಂದು ವರ್ಷ ಎಣಿಸಬೇಕು ಎನ್ನುವುದನ್ನು ಮರೆಯಬೇಡಿ. ತೆರಿಗೆ ಉಳಿಸಲು ಹಾಕುವ ಇಎಲ್‌ಎಸ್‌ಎಸ್ ಫಂಡ್ ಆದರೆ ಪ್ರತಿ ಕಂತಿಗೂ ಮೂರು ವರ್ಷ ಮುಗಿಯುವವರೆಗೆ ಮುಟ್ಟಲೇ ಆಗುವುದಿಲ್ಲ.

ಚಿಕ್ಕಮ್ಮ ಏನು ಮಾಡಿದರು? ಅವರು ಕಟ್ಟಿದ್ದು 36 ಕಂತು, ಒಟ್ಟು 1.80 ಲಕ್ಷ. ಈಗಿನ ಬೆಲೆ ಸುಮಾರು 2.15 ಲಕ್ಷ. ಮೊದಲು ರೆಗ್ಯುಲರ್ ಎಸ್‌ಐಪಿ ನಿಲ್ಲಿಸಿ, ಅದೇ ಫಂಡ್‌ನ ಡೈರೆಕ್ಟ್ ಪ್ಲ್ಯಾನ್‌ನಲ್ಲಿ ಫಂಡ್ ಕಂಪನಿಯ ವೆಬ್‌ಸೈಟ್ ಮೂಲಕವೇ ಹೊಸ ಎಸ್‌ಐಪಿ ಶುರು ಮಾಡಿದರು. ಇದಕ್ಕೆ ತೆರಿಗೆಯೂ ಇಲ್ಲ, ಲೋಡೂ ಇಲ್ಲ. ಮುಂದಿನ 25 ವರ್ಷದ 15 ಲಕ್ಷ ಸರಿದಾರಿಗೆ ಬಂತು. ಆಮೇಲೆ ಒಂದು ವರ್ಷ ದಾಟಿದ ಕಂತುಗಳ ಯೂನಿಟ್‌ಗಳನ್ನು ಮಾತ್ರ ಬದಲಿಸಿದರು. ಮೊದಲು ಕೊಂಡ ಯೂನಿಟ್ ಮೊದಲು ಮಾರಿದ ಹಾಗೆ ಲೆಕ್ಕವಾಗುವುದರಿಂದ ಇದು ಸಾಧ್ಯ. ಅವರ ಒಟ್ಟು ಲಾಭವೇ 35,000 ರೂಪಾಯಿ, ಈ ವರ್ಷ ಬೇರೆ ಷೇರು ಲಾಭವೂ ಇರಲಿಲ್ಲ. ಹಾಗಾಗಿ ತೆರಿಗೆ ಬರಲಿಲ್ಲ. ಉಳಿದ 12 ಕಂತುಗಳಿಗೆ ವರ್ಷ ತುಂಬುವವರೆಗೆ ಕಾಯುತ್ತಿದ್ದಾರೆ.

ಹತ್ತಾರು ವರ್ಷದಿಂದ ಹಾಕಿದವರಿಗೆ ಲೆಕ್ಕ ಬೇರೆ. ಲಾಭವೇ 3 ಲಕ್ಷ ಇದ್ದು ಒಮ್ಮೆಗೇ ಬದಲಿಸಿದರೆ 1.75 ಲಕ್ಷದ ಮೇಲೆ 12.5%, ಅಂದರೆ 21,875 ರೂಪಾಯಿ ಮತ್ತು ಅದರ ಮೇಲೆ ಸೆಸ್ ಕಟ್ಟಬೇಕು. ಅದನ್ನೇ ಎರಡು ಮೂರು ಆರ್ಥಿಕ ವರ್ಷಕ್ಕೆ ಹಂಚಿದರೆ ಪ್ರತಿವರ್ಷದ 1.25 ಲಕ್ಷದ ವಿನಾಯಿತಿ ಬಳಸಿಕೊಂಡು ತೆರಿಗೆ ಬಹುಪಾಲು ತಪ್ಪಿಸಬಹುದು. ಇನ್ನೊಂದೆರಡು ವರ್ಷದಲ್ಲಿ ಹೇಗೂ ಹಣ ತೆಗೆಯುವವರಿದ್ದರೆ ಬದಲಿಸುವ ಗೋಜಿಗೆ ಹೋಗುವುದೇ ಬೇಡ. ಅಷ್ಟು ಕಡಿಮೆ ಕಾಲದಲ್ಲಿ ಉಳಿಯುವುದು ಅಲ್ಪ.

ಹಾಗಾದರೆ ಕಡಿಮೆ ಖರ್ಚಿನದೇ ಯಾವಾಗಲೂ ಒಳ್ಳೆಯದೇ?

ಒಂದೇ ಫಂಡ್‌ನ ಎರಡು ಪ್ಲ್ಯಾನ್‌ಗಳ ನಡುವೆ ಆದರೆ ಹೌದು, ಡೈರೆಕ್ಟ್ ಮುಂದಿರುತ್ತದೆ. ಅಲ್ಲಿ ಖರ್ಚು ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲ. ಬೇರೆ ಬೇರೆ ಬಗೆಯ ಫಂಡ್‌ಗಳ ನಡುವೆ ಖರ್ಚೊಂದನ್ನೇ ನೋಡಿ ಆರಿಸಬಾರದು. ಲಿಕ್ವಿಡ್ ಫಂಡ್‌ನ ಖರ್ಚು ಕಡಿಮೆ ಎಂದು ನಿವೃತ್ತಿಯ ಹಣವನ್ನೆಲ್ಲ ಅಲ್ಲಿಡುವುದು ಸರಿಯಲ್ಲ. ಆದರೆ ಒಂದೇ ಬಗೆಯವುಗಳಲ್ಲಿ ಇದು ಒಳ್ಳೆಯ ಅಳತೆ. ಉದಾಹರಣೆಗೆ ನಿಫ್ಟಿ 50 ಇಂಡೆಕ್ಸ್ ಫಂಡ್‌ಗಳು ಎಲ್ಲವೂ ಅವೇ 50 ಷೇರುಗಳನ್ನು ಕೊಳ್ಳುತ್ತವೆ. ಅಲ್ಲಿ ಹೆಚ್ಚು ಖರ್ಚು ಕೊಡಲು ಕಾರಣ ಹುಡುಕುವುದು ಕಷ್ಟ. ಡೆಟ್ ಫಂಡ್‌ಗಳಲ್ಲಂತೂ ಇನ್ನೂ ಎಚ್ಚರ ಬೇಕು. ಬರುವುದೇ 7% ಆದಾಗ 1% ಖರ್ಚು ಎಂದರೆ ಏಳರಲ್ಲಿ ಒಂದು ಪಾಲು ಹೋದಂತೆ.

ವಿತರಕರಿಗೆ ಕೊಟ್ಟ ಹಣವೆಲ್ಲ ದಂಡ ಎಂದೂ ನಾವು ಹೇಳುವುದಿಲ್ಲ. ಮಾರುಕಟ್ಟೆ ಕುಸಿದಾಗ ಗಾಬರಿಯಿಂದ ಎಲ್ಲ ಮಾರಲು ಹೊರಟವರನ್ನು ತಡೆದು ಕೂರಿಸುವ, ನಾಮಿನಿ ಹಾಕಿಸುವ, ಸಾವಿನ ನಂತರ ಮನೆಯವರಿಗೆ ಹಣ ಬಿಡಿಸಿಕೊಡುವ ಒಳ್ಳೆಯ ವಿತರಕರಿದ್ದಾರೆ. ಅಂಥ ಸೇವೆ ನಿಮಗೆ ಸಿಗುತ್ತಿದ್ದರೆ ಅದಕ್ಕೆ ಬೆಲೆ ಇದೆ. ಸ್ವಂತವಾಗಿ ಆರಿಸಲು ಧೈರ್ಯವಿಲ್ಲದವರು ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರಿಗೆ ಒಮ್ಮೆ ಫೀಸ್ ಕೊಟ್ಟು ಸಲಹೆ ಪಡೆದು, ಡೈರೆಕ್ಟ್‌ನಲ್ಲೇ ಹಾಕಬಹುದು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವರ್ಷಕ್ಕೆ ಇಷ್ಟು ರೂಪಾಯಿ ಹೋಗುತ್ತಿದೆ, ಅದಕ್ಕೆ ನನಗೆ ಏನು ಸಿಗುತ್ತಿದೆ?

ಕೊನೆಯದಾಗಿ, ಆ ಫಾರ್ವರ್ಡ್ ನಿಜವೇ?

ಅರ್ಧ ನಿಜ. ಖರ್ಚು ಒಂದೆರಡು ಪರ್ಸೆಂಟ್ ಎನ್ನುವುದು ಸರಿ. ಪೈಸೆಯೂ ಫೀಸ್ ಇಲ್ಲ, ಅದು ಚಿಲ್ಲರೆ ಲೆಕ್ಕ ಎನ್ನುವುದು ತಪ್ಪು. ನಾವು ಹಿಡಿದ 12% ಲೆಕ್ಕದಲ್ಲಿ, 25 ವರ್ಷದಲ್ಲಿ 1% ಖರ್ಚು ಕೊನೆಯ ಮೊತ್ತದ ಐದರಲ್ಲಿ ಒಂದು ಪಾಲನ್ನು, 2% ಖರ್ಚು ಮೂರರಲ್ಲಿ ಒಂದಕ್ಕೂ ಹೆಚ್ಚು ಪಾಲನ್ನು ಕಡಿಮೆ ಮಾಡುತ್ತದೆ.

ಆ ಮೆಸೇಜ್ ನಿಮಗೂ ಬಂದರೆ ಮುಂದಕ್ಕೆ ಕಳಿಸುವ ಮೊದಲು ಇಮೇಲ್‌ನಲ್ಲಿ ನಿಮ್ಮ ಕೊನೆಯ ಅರ್ಧವಾರ್ಷಿಕ ಸಿಎಎಸ್ ಹುಡುಕಿ, ಕಮಿಷನ್ ಎಂದಿರುವ ಕಾಲಂ ನೋಡಿ. ಚಿಕ್ಕಮ್ಮ ತಮ್ಮ ಶಾಲೆಯ ಟೀಚರ್‌ಗಳ ಗುಂಪಿಗೆ ಆ ಫಾರ್ವರ್ಡ್ ಬದಲು ತಮ್ಮ ಸ್ಟೇಟ್‌ಮೆಂಟ್‌ನ ಆ ಒಂದು ಸಾಲನ್ನು, ಹೆಸರು ಮತ್ತು ಫೋಲಿಯೊ ಸಂಖ್ಯೆ ಮರೆಮಾಡಿ, ಕಳಿಸಿದ್ದಾರೆ. ಅಂದು ಸಂಜೆಯೇ ಇಬ್ಬರು ಸಹೋದ್ಯೋಗಿಗಳು ಫೋನ್ ಮಾಡಿ ಕೇಳಿದರಂತೆ: “ಮೇಡಂ, ನಮ್ಮದರಲ್ಲಿ `Reg` ಅಂತ ಇದೆ. ಹಾಗಂದ್ರೆ?”